ಫೋಟೋದಲ್ಲಿರುವ ಸರ್ಕ್ಯೂಟ್ ಚಿತ್ರದಿಂದ ಬಿಡಿಭಾಗಗಳ ಪಟ್ಟಿ ಮತ್ತು ಸಿಗ್ನಲ್ ವಿವರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಸರ್ಕ್ಯೂಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ?

ಮೈಕಿನ ಸಣ್ಣ ಸಿಗ್ನಲನ್ನು ಒಂದು ಟ್ರಾನ್ಸಿಸ್ಟರಿನಿಂದ ಹಿಗ್ಗಿಸಿ, ನಂತರ LM386 ಐಸಿಯ ಮೂಲಕ ಸ್ಪೀಕರಿಗೆ ಕೊಡುವ, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಆಂಪ್ಲಿಫಯರ್ ಚಿತ್ರವೊಂದನ್ನು ಈ ಪುಟದುದ್ದಕ್ಕೂ ಬಳಸಲಾಗಿದೆ. ಚಿತ್ರ ಹಳೆಯ ಮುದ್ರಿತ ಹಾಳೆಯಲ್ಲಿದೆ, ಹಾಳೆಯ ನಡುವೆ ಮಡಿಕೆಯ ಗೆರೆಯಿದೆ, ಫೋಟೋವನ್ನು ಮೊಬೈಲಿನಲ್ಲಿ ತೆಗೆಯಲಾಗಿದೆ ಎಂದು ಇಟ್ಟುಕೊಳ್ಳೋಣ. ಇದರಲ್ಲಿ ಆರು ರೆಸಿಸ್ಟರುಗಳು (R1 ರಿಂದ R6), ಆರು ಕೆಪಾಸಿಟರುಗಳು (C1 ರಿಂದ C6), ಒಂದು ವಾಲ್ಯೂಮ್ ಕಂಟ್ರೋಲ್ (VR1), ಒಂದು ಟ್ರಾನ್ಸಿಸ್ಟರ್ (Q1), ಒಂದು ಐಸಿ (IC1), ಮೈಕ್, ಸ್ಪೀಕರ್, ಬ್ಯಾಟರಿ ಮತ್ತು ಸ್ವಿಚ್ ಸೇರಿ ಒಟ್ಟು 19 ಭಾಗಗಳಿವೆ. ಇದು ಸಣ್ಣ ಸರ್ಕ್ಯೂಟೇ ಆದರೂ ಫೋಟೋದಿಂದ ಪಟ್ಟಿ ಮಾಡುವಾಗ ಆಗಬಹುದಾದ ಮುಖ್ಯ ತಪ್ಪುಗಳೆಲ್ಲ ಇದರಲ್ಲೂ ಆಗಬಹುದು.

ಫೋಟೋ ಹೇಗಿದ್ದರೆ ಕೆಲಸ ಸುಲಭವಾಗುತ್ತದೆ?

ಹಾಳೆಯ ನಾಲ್ಕೂ ಮೂಲೆಗಳು ಚೌಕಟ್ಟಿನೊಳಗೆ ಇರಬೇಕು, ಕ್ಯಾಮೆರಾ ಹಾಳೆಗೆ ನೇರವಾಗಿ ಮೇಲಿರಬೇಕು, ಬೆಳಕು ಪಕ್ಕದಿಂದ ಸಮವಾಗಿ ಬೀಳಬೇಕು. ಫ್ಲ್ಯಾಶ್ ಬಳಸಿದರೆ ಹೊಳಪು ಕಾಗದದ ನಡುವೆ ಬಿಳಿ ಕಲೆಯೊಂದು ಮೂಡಿ, ಅದರ ಕೆಳಗಿನ ಬೆಲೆಗಳು, ಅಂದರೆ 47k, 220uF ಎಂಬಂಥ ಅಳತೆಗಳು, ಅಳಿಸಿಹೋದಂತೆ ಕಾಣುತ್ತವೆ. ತೆಳ್ಳಗಿನ ಕಾಗದವಾದರೆ ಹಿಂಬದಿಯ ಮುದ್ರಣ ಈಚೆಗೆ ಹಾಯುತ್ತದೆ. ಹಾಳೆಯ ಕೆಳಗೆ ಕಪ್ಪು ಕಾಗದ ಇಟ್ಟರೆ ಆ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಚಿತ್ರ ದೊಡ್ಡದಾಗಿದ್ದರೆ ಇಡೀ ಹಾಳೆಯ ಒಂದು ಫೋಟೋ ಜೊತೆಗೆ, ಒಂದರ ಅಂಚು ಇನ್ನೊಂದರಲ್ಲೂ ಕಾಣುವಂತೆ ಹತ್ತಿರದಿಂದ ಕೆಲವು ಫೋಟೋಗಳನ್ನು ತೆಗೆಯುವುದು ಒಳ್ಳೆಯದು. ಮೆಸೇಜಿಂಗ್ ಆ್ಯಪ್‌ಗಳ ಮೂಲಕ ಸಾಮಾನ್ಯ ಚಿತ್ರವಾಗಿ ಕಳಿಸಿದಾಗ ಫೋಟೋ ಕುಗ್ಗುತ್ತದೆ, ಮತ್ತು ಮೊದಲು ಮಾಯವಾಗುವುದು ದಶಮಾಂಶ ಬಿಂದುಗಳು ಹಾಗೂ ತಂತಿಗಳು ಕೂಡುವಲ್ಲಿನ ಚುಕ್ಕೆಗಳು; ಈ ಕೆಲಸಕ್ಕೆ ಅತ್ಯಂತ ಬೇಕಾದವುಗಳೂ ಅವೇ. ಆದ್ದರಿಂದ ಮೂಲ ಕಡತವನ್ನೇ ಇಟ್ಟುಕೊಳ್ಳಬೇಕು.

ಪಟ್ಟಿಯನ್ನು ಎಲ್ಲಿಂದ ಆರಂಭಿಸಬೇಕು?

ಬೆಲೆಗಳಿಂದಲ್ಲ, ಗುರುತುಗಳಿಂದ. ಮೊದಲ ಸುತ್ತಿನಲ್ಲಿ R1, C1, Q1 ಮುಂತಾದ ಗುರುತುಗಳನ್ನು ಮಾತ್ರ ಬರೆದುಕೊಂಡು, ಬರೆದ ಪ್ರತಿಯೊಂದು ಭಾಗದ ಮೇಲೂ ಫೋಟೋದ ಪ್ರತಿಯಲ್ಲಿ ಬಣ್ಣದ ಗೀಟು ಹಾಕುತ್ತ ಹೋಗಬೇಕು. ಕೊನೆಗೆ ಗೀಟು ಬೀಳದ ಚಿಹ್ನೆ ಒಂದೂ ಉಳಿದಿರಬಾರದು. ಬಳಿಕ ಗುರುತುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ನಡುವೆ ಬಿಟ್ಟುಹೋದದ್ದು ತಾನಾಗಿ ಕಾಣುತ್ತದೆ. ನಮ್ಮ ಚಿತ್ರದಲ್ಲಿ C4 ಆದ ಮೇಲೆ C6 ಬಂದರೆ, C5 ಎಲ್ಲಿ ಎಂದು ಹುಡುಕಲೇಬೇಕು. ಅದು ಮಡಿಕೆಯ ಗೆರೆಯೊಳಗೆ ಸೇರಿಕೊಂಡಿರಬಹುದು. ಹುಡುಕಿಯೂ ಸಿಗದಿದ್ದರೆ ‘C5 ಚಿತ್ರದಲ್ಲಿ ಕಂಡಿಲ್ಲ’ ಎಂದು ಪಟ್ಟಿಯಲ್ಲೇ ಬರೆಯಬೇಕು. ಕೆಲವು ಚಿತ್ರಗಳಲ್ಲಿ ಚಿತ್ರಕಾರರೇ ಒಂದು ಸಂಖ್ಯೆಯನ್ನು ಬಿಟ್ಟಿರುವುದುಂಟು, ಆದರೆ ಆ ತೀರ್ಮಾನ ಹುಡುಕಾಟದ ನಂತರ ಬರಬೇಕೇ ಹೊರತು ಮೊದಲೇ ಅಲ್ಲ.

ಪ್ರತಿ ಸಾಲಿನಲ್ಲಿ ಏನೇನು ಇರಬೇಕು?

ಗುರುತು ಮತ್ತು ಬೆಲೆ ಮಾತ್ರ ಇರುವ ಪಟ್ಟಿಯಿಂದ ಭಾಗಗಳನ್ನು ಕೊಳ್ಳಬಹುದು, ಆದರೆ ತಪ್ಪನ್ನು ಹಿಡಿಯಲಾಗದು. ಆದ್ದರಿಂದ ಭಾಗವು ಯಾವ ಯಾವ ಬಿಂದುಗಳ ನಡುವೆ ಇದೆ ಎಂಬುದನ್ನೂ, ಬೆಲೆಯನ್ನು ಕಣ್ಣಿನಿಂದ ಓದಿದ್ದೋ ಲೆಕ್ಕದಿಂದ ಊಹಿಸಿದ್ದೋ ಎಂಬುದನ್ನೂ ಸೇರಿಸಬೇಕು. ನಮ್ಮ ಉದಾಹರಣೆಯ ಕೆಲವು ಸಾಲುಗಳು ಹೀಗಿರುತ್ತವೆ:

```
ಗುರುತು,ಬೆಲೆ,ಎಲ್ಲಿಂದ ಎಲ್ಲಿಗೆ,ಸ್ಥಿತಿ
R2,47k,VCC - BASE,ಓದಿದ್ದು
R3,10k,BASE - GND,ಓದಿದ್ದು
R4,4.7k,VCC - COLL,ಊಹೆ (ದಶಮಾಂಶ ಬಿಂದು ಕಾಣದು)
R5,1k,EMIT - GND,ಓದಿದ್ದು
C4,220uF,IC1/5 (+) - LS1 (-),ಊಹೆ (ಅಳತೆ ಬರೆದಿಲ್ಲ)
IC1,LM386,"1, 7, 8 ಪಿನ್ ಖಾಲಿ",ಓದಿದ್ದು
```

BASE, COLL, EMIT ಎಂಬ ಹೆಸರುಗಳು ಚಿತ್ರದಲ್ಲಿ ಇರುವುದಿಲ್ಲ; ಅವು ಟ್ರಾನ್ಸಿಸ್ಟರಿನ ಮೂರು ಕಾಲುಗಳಿಗೆ ನಾವು ಇಟ್ಟುಕೊಂಡ ಹೆಸರುಗಳು. VCC ಎಂದರೆ ಬ್ಯಾಟರಿಯ ಕೂಡು ಬದಿ, GND ಎಂದರೆ ಗ್ರೌಂಡ್, LS1 ಎಂದರೆ ಸ್ಪೀಕರ್, IC1/5 ಎಂದರೆ IC1 ರ 5ನೇ ಪಿನ್. ಒಂದೇ ತಂತಿಯಿಂದ ಕೂಡಿರುವ ಎಲ್ಲ ಬಿಂದುಗಳಿಗೂ ಒಂದೇ ಹೆಸರು ಇರಬೇಕು ಎಂಬ ಒಂದು ನಿಯಮ ಪಾಲಿಸಿದರೆ ಸಾಕು. ‘ಸ್ಥಿತಿ’ ಎಂಬ ಕಾಲಮ್ಮನ್ನು ಹಲವರು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಅದಕ್ಕಿಂತ ಉಪಯುಕ್ತವಾದ ಕಾಲಮ್ಮು ಇಲ್ಲ, ಏಕೆಂದರೆ ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ಮೊದಲು ಯಾವ ಭಾಗವನ್ನು ಅನುಮಾನಿಸಬೇಕೆಂದು ಅದೊಂದೇ ಹೇಳುತ್ತದೆ.

ಬೆಲೆಯ ಅಂಕಿ ಮಸುಕಾಗಿದ್ದರೆ ಹೇಗೆ ನಿರ್ಧರಿಸುವುದು?

ರೆಸಿಸ್ಟರುಗಳು ಮನಬಂದ ಬೆಲೆಗಳಲ್ಲಿ ತಯಾರಾಗುವುದಿಲ್ಲ ಎಂಬುದು ಇಲ್ಲಿ ದೊಡ್ಡ ಸಹಾಯ. E12 ಎಂಬ ಪ್ರಮಾಣಿತ ಸರಣಿಯಲ್ಲಿ 10, 12, 15, 18, 22, 27, 33, 39, 47, 56, 68, 82 ಎಂಬ ಹನ್ನೆರಡು ಅಂಕಿಗಳು ಮತ್ತು ಅವುಗಳ ಹತ್ತರ ಗುಣಕಗಳು ಮಾತ್ರ ಇವೆ. ಫೋಟೋದಲ್ಲಿ ‘41k’ ಎಂದು ಕಂಡರೆ ಅದು ಬಹುಶಃ 47k. ಏಳರ ಮೇಲ್ಗೀಟು ಅಳಿಸಿದರೆ ಒಂದಾಗಿ ಕಾಣುತ್ತದೆ. ‘88k’ ಎಂದು ಕಂಡರೆ 68k ಆಗಿರುವ ಸಾಧ್ಯತೆ ಹೆಚ್ಚು. ಆದರೆ ‘58k’ ಎಂದು ಕಂಡರೆ 56k ಮತ್ತು 68k ಎರಡೂ ಸಾಧ್ಯ, ಸರಣಿ ಅಲ್ಲಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಪಟ್ಟಿಯಲ್ಲಿ ಬರೆದು ಲೆಕ್ಕದ ಹಂತಕ್ಕೆ ಕಾಯಬೇಕು. E24 ಸರಣಿಯಲ್ಲಿ 11, 13, 16, 20, 24, 30, 36, 43, 51, 62, 75, 91 ಕೂಡ ಸೇರುತ್ತವೆ, ಇನ್ನೂ ಸೂಕ್ಷ್ಮವಾದ ಸರಣಿಗಳಲ್ಲಿ ಮೂರು ಅಂಕಿಯ ಬೆಲೆಗಳಿರುತ್ತವೆ. ಹಾಗಾಗಿ ಚಿತ್ರದ ಉಳಿದ ಬೆಲೆಗಳೆಲ್ಲ ಯಾವ ಸರಣಿಯವು ಎಂದು ಮೊದಲು ನೋಡಿಕೊಳ್ಳುವುದು ಕ್ಷೇಮ.

ದಶಮಾಂಶ ಬಿಂದುವಿನ ವಿಷಯ ಇದಕ್ಕಿಂತ ಕಷ್ಟದ್ದು, ಏಕೆಂದರೆ 4.7k ಮತ್ತು 47k ಎರಡೂ ಸರಣಿಯೊಳಗಿನ ಬೆಲೆಗಳೇ. ಬಿಂದು ಕಳೆದುಹೋಗಬಾರದೆಂದೇ ಅನೇಕ ಚಿತ್ರಗಳಲ್ಲಿ 4k7, 4R7, 2M2 ಎಂದು ಬಿಂದುವಿನ ಜಾಗದಲ್ಲಿ ಅಕ್ಷರ ಬರೆದಿರುತ್ತಾರೆ; ಅವು ಕ್ರಮವಾಗಿ 4.7 ಕಿಲೋ ಓಮ್, 4.7 ಓಮ್ ಮತ್ತು 2.2 ಮೆಗಾ ಓಮ್. ನಮ್ಮ ಹಳೆಯ ಹಾಳೆಯಲ್ಲಿ ಆ ಅನುಕೂಲವಿಲ್ಲ. R2 ಮತ್ತು R4 ಎರಡರ ಪಕ್ಕದಲ್ಲೂ ‘47k’ ಎಂದೇ ಕಾಣುತ್ತದೆ, R4 ರ ಎರಡು ಅಂಕಿಗಳ ನಡುವೆ ಮಾತ್ರ ಸ್ವಲ್ಪ ಹೆಚ್ಚು ಅಂತರವಿದೆ. ಆ ಅಂತರ ಒಂದು ಸುಳಿವು ಅಷ್ಟೇ, ಪುರಾವೆಯಲ್ಲ.

ಹಾಗಾದರೆ R4 ರ ಬೆಲೆ 4.7k ಎಂದು ಹೇಗೆ ಗೊತ್ತಾಯಿತು?

ಟ್ರಾನ್ಸಿಸ್ಟರಿನ ಸುತ್ತಲಿನ ಡಿಸಿ ವೋಲ್ಟೇಜನ್ನು ಲೆಕ್ಕ ಹಾಕಿ. ಕೆಪಾಸಿಟರುಗಳು ಡಿಸಿಯನ್ನು ತಡೆಯುವುದರಿಂದ ಈ ಲೆಕ್ಕದಲ್ಲಿ ಅವನ್ನೆಲ್ಲ ಮರೆತುಬಿಡಬಹುದು. ಉಳಿಯುವುದು R2, R3, R4, R5 ಮತ್ತು Q1 ಮಾತ್ರ. ಬೇಸಿಗೆ ಹರಿಯುವ ಕರೆಂಟ್ ತೀರ ಕಡಿಮೆಯೆಂದು ಅದನ್ನು ಬಿಟ್ಟು, ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.65 ವೋಲ್ಟ್ ಇರುತ್ತದೆಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ:

```
Vb = 9 × 10 / (47 + 10) ≈ 1.58 V
Ve ≈ 1.58 − 0.65       ≈ 0.93 V
Ic ≈ 0.93 V / 1 kΩ     ≈ 0.93 mA
Vc ≈ 9 − 0.93 × 4.7    ≈ 4.6 V
```

ಕಲೆಕ್ಟರಿನಲ್ಲಿ 4.6 ವೋಲ್ಟ್, ಅಂದರೆ ಬ್ಯಾಟರಿಯ ಸರಿಸುಮಾರು ಅರ್ಧ. ಸಿಗ್ನಲ್ ಮೇಲಕ್ಕೂ ಕೆಳಕ್ಕೂ ಏರಿಳಿಯಲು ಜಾಗ ಬೇಕಾದ ಇಂಥ ಹಂತದಲ್ಲಿ ವಿನ್ಯಾಸಕರು ಸಾಮಾನ್ಯವಾಗಿ ಗುರಿಯಿಡುವುದು ಈ ಸುತ್ತಮುತ್ತಲಿನ ಬೆಲೆಗೇ. ಈಗ R4 ಅನ್ನು 47k ಎಂದು ಇಟ್ಟು ನೋಡಿ: 0.93 ಮಿಲಿಆಂಪಿಯರ್ ಹರಿಯಬೇಕಾದರೆ ಆ ರೆಸಿಸ್ಟರಿನ ಮೇಲೆ ಸುಮಾರು 44 ವೋಲ್ಟ್ ಬೀಳಬೇಕು, ಆದರೆ ಬ್ಯಾಟರಿಯಲ್ಲಿ ಇರುವುದು 9 ವೋಲ್ಟ್. ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಂಡು ಅಂಟಿಕೊಳ್ಳುತ್ತದೆ, ಸಿಗ್ನಲನ್ನು ಹಿಗ್ಗಿಸುವುದಿಲ್ಲ. ತಪ್ಪು R2 ರಲ್ಲಿ ಇರಬಹುದೇ ಎಂದೂ ನೋಡಬೇಕು. R2 4.7k ಆಗಿದ್ದರೆ ಇದೇ ಲೆಕ್ಕದಲ್ಲಿ ಬೇಸ್ ಸುಮಾರು 6 ವೋಲ್ಟಿಗೆ ಏರಿ, R4 ರ ಬೆಲೆ ಎರಡರಲ್ಲಿ ಯಾವುದೇ ಆದರೂ ಟ್ರಾನ್ಸಿಸ್ಟರ್ ಹಾಗೆಯೇ ಅಂಟಿಕೊಳ್ಳುತ್ತದೆ. ನಾಲ್ಕು ಜೋಡಣೆಗಳಲ್ಲಿ R2 47k, R4 4.7k ಎಂಬುದೊಂದೇ ಕೆಲಸ ಮಾಡುವಂಥದ್ದು.

ಈ ಲೆಕ್ಕದ ಮಿತಿಯನ್ನೂ ತಿಳಿದಿರಬೇಕು. ಹತ್ತು ಪಟ್ಟಿನ ತಪ್ಪನ್ನು ಇದು ಖಚಿತವಾಗಿ ಹಿಡಿಯುತ್ತದೆ, R4 4.7k ಆಗಿದೆಯೋ 4.3k ಅಥವಾ 5.1k ಆಗಿದೆಯೋ ಎಂಬ ಸೂಕ್ಷ್ಮ ವ್ಯತ್ಯಾಸವನ್ನು ಹಿಡಿಯಲಾರದು, ಏಕೆಂದರೆ ಆ ಎಲ್ಲ ಬೆಲೆಗಳಲ್ಲೂ ಸರ್ಕ್ಯೂಟ್ ಚೆನ್ನಾಗಿಯೇ ನಡೆಯುತ್ತದೆ. ಆದ್ದರಿಂದಲೇ ಲೆಕ್ಕ ಸರಿಹೋದ ಮೇಲೂ ಪಟ್ಟಿಯಲ್ಲಿ ‘ಊಹೆ’ ಎಂಬ ಪದ ಉಳಿಯಬೇಕು.

ಕೆಪಾಸಿಟರಿನ ಪಕ್ಕದಲ್ಲಿ ಬರಿಯ ಅಂಕಿಯಿದ್ದು ಅಳತೆಯ ಗುರುತು ಇಲ್ಲದಿದ್ದರೆ?

ಹಳೆಯ ಚಿತ್ರಗಳಲ್ಲಿ ಇದು ಸಾಮಾನ್ಯ. ಅನೇಕ ಚಿತ್ರಗಳಲ್ಲಿ ದಶಮಾಂಶವಿರುವ 0.047 ರಂಥ ಅಂಕಿ ಮೈಕ್ರೋಫ್ಯಾರಡಿನದು, ಪೂರ್ಣ ಅಂಕಿ ಪಿಕೋಫ್ಯಾರಡಿನದು ಎಂಬ ರೂಢಿಯಿದೆ, ಮತ್ತು ಅದನ್ನು ಹಾಳೆಯ ಮೂಲೆಯಲ್ಲಿ ಟಿಪ್ಪಣಿಯಾಗಿ ಬರೆದಿರುವುದೂ ಉಂಟು. ಆ ಟಿಪ್ಪಣಿ ಫೋಟೋದ ಹೊರಗೆ ಉಳಿದಿದೆಯೇ ಎಂದು ನೋಡಿ. ‘mfd’ ಎಂದಿದ್ದರೆ ಅದು ಮೈಕ್ರೋಫ್ಯಾರಡ್, ಮಿಲಿಫ್ಯಾರಡ್ ಅಲ್ಲ. 104, 473 ಎಂಬಂಥ ಮೂರಂಕಿಗಳಲ್ಲಿ ಮೊದಲೆರಡು ಅಂಕಿಗಳ ಮುಂದೆ ಮೂರನೆಯ ಅಂಕಿಯಷ್ಟು ಸೊನ್ನೆಗಳನ್ನು ಇಟ್ಟರೆ ಪಿಕೋಫ್ಯಾರಡ್ ಸಿಗುತ್ತದೆ: 104 ಎಂದರೆ 1,00,000 ಪಿಕೋಫ್ಯಾರಡ್, ಅಂದರೆ 0.1 ಮೈಕ್ರೋಫ್ಯಾರಡ್, 473 ಎಂದರೆ 0.047 ಮೈಕ್ರೋಫ್ಯಾರಡ್.

ರೂಢಿಯನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ನಮ್ಮ C4 ಒಳ್ಳೆಯ ನಿದರ್ಶನ. ಅದರ ಪಕ್ಕದಲ್ಲಿ ಕೇವಲ ‘220’ ಎಂದಿದೆ. ಪೂರ್ಣ ಅಂಕಿಯಾದ್ದರಿಂದ ರೂಢಿಯ ಪ್ರಕಾರ ಅದು ಪಿಕೋಫ್ಯಾರಡ್ ಆಗಬೇಕು. ಆದರೆ ಚಿಹ್ನೆಯ ಒಂದು ಬದಿಗೆ ಕೂಡು ಗುರುತಿದೆ, ಹಾಗಾಗಿ ಅದು ಎಲೆಕ್ಟ್ರೋಲಿಟಿಕ್, ಅಂದರೆ ಮೈಕ್ರೋಫ್ಯಾರಡ್. 8 ಓಮ್ ಸ್ಪೀಕರಿನ ಜೊತೆ `f = 1/(2πRC)` ಸೂತ್ರ ಹಾಕಿದರೆ 220 ಮೈಕ್ರೋಫ್ಯಾರಡಿಗೆ ಸುಮಾರು 90 ಹರ್ಟ್ಸ್ ಬರುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳು ಕುಗ್ಗುತ್ತವೆ, ಮಾತು ಚೆನ್ನಾಗಿ ಹಾಯುತ್ತದೆ. ಕೊನೆಯ ಸೊನ್ನೆ ಮಡಿಕೆಯಲ್ಲಿ ಅಡಗಿ 22 ಎಂದು ಓದಿದ್ದರೆ ಅದು 900 ಹರ್ಟ್ಸಿಗೆ ಏರುತ್ತಿತ್ತು, ಸ್ಪೀಕರಿನ ಧ್ವನಿ ತೆಳ್ಳಗೆ ಕೀರಲಾಗುತ್ತಿತ್ತು.

ಗೆರೆಗಳು ಒಂದನ್ನೊಂದು ದಾಟುವಲ್ಲಿ ಕೂಡಿವೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಚುಕ್ಕೆಯಿದ್ದರೆ ಕೂಡಿವೆ, ಚುಕ್ಕೆಯಿಲ್ಲದೆ ದಾಟಿದರೆ ಕೂಡಿಲ್ಲ, ಒಂದು ಗೆರೆ ಇನ್ನೊಂದಕ್ಕೆ ಬಂದು ಮುಟ್ಟಿ ಅಲ್ಲೇ ನಿಂತರೆ ಸಾಮಾನ್ಯವಾಗಿ ಕೂಡಿವೆ. ಕೆಲವು ಹಳೆಯ ಚಿತ್ರಗಳಲ್ಲಿ ಕೂಡದ ಗೆರೆ ಇನ್ನೊಂದರ ಮೇಲೆ ಕಮಾನಿನಂತೆ ಬಾಗಿ ಹಾಯುತ್ತದೆ. ಒಂದೇ ಹಾಳೆಯಲ್ಲಿ ಈ ರೂಢಿ ಬದಲಾಗುವುದು ಅಪರೂಪ. ಆದ್ದರಿಂದ ಸಂದೇಹವೇ ಇಲ್ಲದ ಜಾಗದಲ್ಲಿ, ಉದಾಹರಣೆಗೆ ಬ್ಯಾಟರಿಯ ಗೆರೆಯಿಂದ ಕವಲೊಡೆಯುವಲ್ಲಿ, ಚಿತ್ರಕಾರರು ಏನು ಮಾಡಿದ್ದಾರೆಂದು ನೋಡಿ ಅದೇ ಅಳತೆಗೋಲನ್ನು ಉಳಿದೆಡೆಗೂ ಬಳಸಬೇಕು.

ನಮ್ಮ ಚಿತ್ರದಲ್ಲಿ C1 ರಿಂದ ಬರುವ ಅಡ್ಡಗೆರೆ Q1 ರ ಬೇಸಿಗೆ ಹೋಗುವಾಗ R2 ಮತ್ತು R3 ನಡುವಿನ ಲಂಬಗೆರೆಯನ್ನು ದಾಟುತ್ತದೆ. ಅಲ್ಲಿ ಚುಕ್ಕೆಯಿತ್ತೇ ಎಂಬುದು ಫೋಟೋದಲ್ಲಿ ಸ್ಪಷ್ಟವಿಲ್ಲ. ಚುಕ್ಕೆಯಿಲ್ಲವೆಂದು ಓದಿದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. R2 ಮತ್ತು R3 ಬ್ಯಾಟರಿಯ ಎರಡು ತುದಿಗಳ ನಡುವೆ ಸುಮ್ಮನೆ ಕುಳಿತಿರುತ್ತವೆ, ಬೇರೆ ಯಾವುದಕ್ಕೂ ಬೇಕಾಗಿಲ್ಲ. ಇತ್ತ ಬೇಸಿಗೆ ಡಿಸಿ ಬರುವ ದಾರಿಯೇ ಇಲ್ಲದೆ ಟ್ರಾನ್ಸಿಸ್ಟರ್ ಮುಚ್ಚಿಕೊಂಡೇ ಇರುತ್ತದೆ. ಕೆಲಸವಿಲ್ಲದ ಎರಡು ರೆಸಿಸ್ಟರನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಚುಕ್ಕೆ ಇದ್ದೇ ಇರಬೇಕು, ಆದರೂ ಅದನ್ನು ‘ಊಹೆ’ ಎಂದೇ ಗುರುತಿಸಬೇಕು.

ಗೆರೆಯೇ ಇಲ್ಲದೆ ಕೂಡಿರುವ ಬಿಂದುಗಳೂ ಇರುತ್ತವೆ. ಗ್ರೌಂಡ್ ಚಿಹ್ನೆ ಒಂದೇ ಬಗೆಯದಾಗಿದ್ದಲ್ಲೆಲ್ಲ ಅದು ಒಂದೇ ಬಿಂದು. ಒಂದೇ ಹೆಸರು ಬರೆದಿರುವ ತುದಿಗಳಿಗೂ ಇದೇ ಮಾತು.

ಟ್ರಾನ್ಸಿಸ್ಟರ್ ಮತ್ತು ಐಸಿಗಳಲ್ಲಿ ವಿಶೇಷವಾಗಿ ಏನನ್ನು ಗಮನಿಸಬೇಕು?

ಟ್ರಾನ್ಸಿಸ್ಟರಿನಲ್ಲಿ ಎಮಿಟರಿನ ಬಾಣವನ್ನು. Q1 ರ ಹೆಸರು BC547 ಎಂದೋ BC557 ಎಂದೋ ತಿಳಿಯದಿದ್ದರೆ ಬಾಣ ಹೇಳುತ್ತದೆ: ಹೊರಗೆ ತೋರಿಸಿದರೆ ಎನ್‌ಪಿಎನ್, ಅದು BC547, ಒಳಗೆ ತೋರಿಸಿದರೆ ಪಿಎನ್‌ಪಿ, ಅದು BC557. ನಮ್ಮಲ್ಲಿ ಬಾಣ ಹೊರಗಿದೆ, ಗ್ರೌಂಡಿನ ಕಡೆಗಿದೆ.

ಐಸಿಯಲ್ಲಿ ಪ್ರತಿ ಪಿನ್ನಿನ ಲೆಕ್ಕವೂ ಸಿಗಬೇಕು. ಇಂಥ ಆಂಪ್ಲಿಫಯರ್ ಚಿತ್ರಗಳಲ್ಲಿ ಐಸಿ ಸಾಮಾನ್ಯವಾಗಿ ತ್ರಿಕೋನವಾಗಿರುತ್ತದೆ, ಪಿನ್ನುಗಳು ನಿಜವಾದ ಐಸಿಯ ಕ್ರಮದಲ್ಲಿ ಇರುವುದಿಲ್ಲ, ಬಳಸದ ಪಿನ್ನುಗಳನ್ನು ಬರೆದಿರುವುದೂ ಇಲ್ಲ. LM386 ರಲ್ಲಿ ಎಂಟು ಪಿನ್ನುಗಳಿವೆ: 2 ಮತ್ತು 3 ಇನ್‌ಪುಟ್, 4 ಗ್ರೌಂಡ್, 5 ಔಟ್‌ಪುಟ್, 6 ಸಪ್ಲೈ, 7 ಬೈಪಾಸ್, 1 ಮತ್ತು 8 ಗೇನ್ ನಿರ್ಧರಿಸಲು. 1 ಮತ್ತು 8 ಖಾಲಿಯಿದ್ದರೆ ಗೇನ್ 20, ಅವುಗಳ ನಡುವೆ 10 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇದ್ದರೆ 200. ಆದ್ದರಿಂದ ‘ಇಲ್ಲಿ ಏನೂ ಇಲ್ಲ’ ಎಂಬುದೂ ಒಂದು ಬೆಲೆಯೇ. ಅದನ್ನು ಪಟ್ಟಿಯಲ್ಲಿ ಬರೆಯದಿದ್ದರೆ ಮುಂದೆ ಓದುವವರಿಗೆ ಅದು ಬಿಟ್ಟುಹೋದದ್ದೋ ನಿಜಕ್ಕೂ ಖಾಲಿಯೋ ತಿಳಿಯುವುದಿಲ್ಲ.

ಬೇರೆ ಚಿತ್ರಗಳಲ್ಲಿ IC1A, IC1B ಎಂದು ಎರಡು ತ್ರಿಕೋನಗಳಿದ್ದರೆ ಅವು ಒಂದೇ ಐಸಿಯ ಎರಡು ಭಾಗಗಳು, ಪಟ್ಟಿಯಲ್ಲಿ ಒಂದೇ ಸಾಲು. LM358, TL072 ಮೊದಲಾದವುಗಳ ಸಪ್ಲೈ ಪಿನ್ನುಗಳಾದ 4 ಮತ್ತು 8 ಚಿತ್ರದಲ್ಲಿ ಕಾಣದೇ ಇರಬಹುದು. ಕಾಣದಿದ್ದರೂ ಅವಕ್ಕೆ ಸಪ್ಲೈ ಬೇಕೇ ಬೇಕು.

ಸಿಗ್ನಲ್ ಹರಿವಿನ ವಿವರಣೆಯನ್ನು ಹೇಗೆ ಬರೆಯಬೇಕು?

ಸಿಗ್ನಲ್ ಹುಟ್ಟುವಲ್ಲಿಂದ ಆರಂಭಿಸಿ ಅದು ಮುಗಿಯುವವರೆಗೆ ಒಂದೇ ದಾರಿಯಲ್ಲಿ ನಡೆದು, ದಾರಿಯಲ್ಲಿ ಸಿಗದ ಭಾಗಗಳನ್ನು ಕೊನೆಗೆ ಹೇಳಬೇಕು. ಬ್ಯಾಟರಿಯಿಂದ ಆರಂಭಿಸುವುದು ಸಾಮಾನ್ಯ ತಪ್ಪು. ಅದು ಕರೆಂಟಿನ ದಾರಿಯೇ ಹೊರತು ಸಿಗ್ನಲಿನ ದಾರಿಯಲ್ಲ. ನಮ್ಮ ಸರ್ಕ್ಯೂಟಿಗೆ ಇಷ್ಟು ಸಾಕು:

“ಎಲೆಕ್ಟ್ರೆಟ್ ಮೈಕಿಗೆ R1 (10k) ಮೂಲಕ ಡಿಸಿ ಸಿಗುತ್ತದೆ. ಮೈಕಿನ ಸಿಗ್ನಲ್ C1 (0.1 ಮೈಕ್ರೋಫ್ಯಾರಡ್) ದಾಟಿ Q1 ರ ಬೇಸಿಗೆ ಬರುತ್ತದೆ. Q1 ಹಿಗ್ಗಿಸಿದ ಸಿಗ್ನಲ್ ಕಲೆಕ್ಟರಿನಲ್ಲಿ ತಲೆಕೆಳಗಾಗಿ ದೊರೆತು, C3 (1 ಮೈಕ್ರೋಫ್ಯಾರಡ್) ಮೂಲಕ VR1 (10k) ರ ಮೇಲ್ತುದಿಗೆ ಹೋಗುತ್ತದೆ. VR1 ರ ನಡುಕಾಲಿನಿಂದ IC1 ರ 3ನೇ ಪಿನ್ನಿಗೆ, ಅಲ್ಲಿ 20 ಪಟ್ಟು ಹಿಗ್ಗಿ 5ನೇ ಪಿನ್ನಿನಿಂದ C4 (220 ಮೈಕ್ರೋಫ್ಯಾರಡ್) ಮೂಲಕ 8 ಓಮ್ ಸ್ಪೀಕರಿಗೆ ತಲುಪುತ್ತದೆ. R2, R3, R5 ಗಳು Q1 ರ ಡಿಸಿ ಸ್ಥಿತಿಯನ್ನು ನಿಲ್ಲಿಸುತ್ತವೆ, R4 ಕಲೆಕ್ಟರಿನ ಲೋಡ್. C2 (47 ಮೈಕ್ರೋಫ್ಯಾರಡ್) ಎಮಿಟರನ್ನು ಸಿಗ್ನಲಿನ ಮಟ್ಟಿಗೆ ಗ್ರೌಂಡಿಗೆ ಸೇರಿಸಿ ಗೇನ್ ಹೆಚ್ಚಿಸುತ್ತದೆ. 5ನೇ ಪಿನ್ನಿನಿಂದ ಗ್ರೌಂಡಿಗೆ ಸರಣಿಯಲ್ಲಿರುವ C5 (0.047 ಮೈಕ್ರೋಫ್ಯಾರಡ್) ಮತ್ತು R6 (10 ಓಮ್) ಅತಿ ಮೇಲಿನ ಆವರ್ತನದಲ್ಲಿ ಐಸಿ ತಾನಾಗಿ ಕೂಗದಂತೆ ತಡೆಯುತ್ತವೆ. ಬ್ಯಾಟರಿ ಸ್ವಿಚ್ ಮೂಲಕ ಸೇರುತ್ತದೆ. C6 (100 ಮೈಕ್ರೋಫ್ಯಾರಡ್) ಸಪ್ಲೈಯನ್ನು ಸ್ಥಿರಗೊಳಿಸುತ್ತದೆ. IC1 ರ 2ನೇ ಪಿನ್ ಗ್ರೌಂಡಿಗಿದೆ.”

ಈ ವಿವರಣೆ ಬರೆಯುವುದರಿಂದ ಪಟ್ಟಿಗೆ ಏನಾದರೂ ಲಾಭವಿದೆಯೇ?

ಇದೆ. ಪಟ್ಟಿಯಲ್ಲಿರುವ 19 ಭಾಗಗಳೂ ವಿವರಣೆಯಲ್ಲಿ ಎಲ್ಲಾದರೂ ಬಂದಿರಬೇಕು, ವಿವರಣೆಯಲ್ಲಿ ಬಂದದ್ದೆಲ್ಲ ಪಟ್ಟಿಯಲ್ಲಿರಬೇಕು. ಯಾವುದೋ ಒಂದು ಭಾಗ ಏನು ಮಾಡುತ್ತದೆಂದು ಬರೆಯಲು ಆಗುತ್ತಿಲ್ಲವಾದರೆ, ಬಹಳ ಸಲ ಅದನ್ನು ಎಲ್ಲಿಂದ ಎಲ್ಲಿಗೆ ಎಂದು ಓದಿದ್ದೇ ತಪ್ಪಾಗಿರುತ್ತದೆ. C5 ನ ಕೆಳತುದಿ R6 ಗೆ ಹೋಗದೆ ನೇರ ಗ್ರೌಂಡಿಗೆ ಹೋಗಿದೆ ಎಂದು ಓದಿದರೆ R6 ರ ಒಂದು ತುದಿ ಗಾಳಿಯಲ್ಲಿ ಉಳಿಯುತ್ತದೆ, ಅದಕ್ಕೆ ಕೆಲಸ ಹೇಳಲು ಆಗುವುದಿಲ್ಲ. ಆಗ ಫೋಟೋದ ಆ ಜಾಗವನ್ನು ಮತ್ತೆ ದೊಡ್ಡದು ಮಾಡಿ ನೋಡಬೇಕು.

ರೆಸಿಸ್ಟರಿನ ವಾಟ್, ಕೆಪಾಸಿಟರಿನ ವೋಲ್ಟ್ ಚಿತ್ರದಲ್ಲಿ ಇಲ್ಲದಿದ್ದರೆ ನಾವೇ ತುಂಬಬಹುದೇ?

ತುಂಬಬಹುದು, ಆದರೆ ಬೇರೆ ಕಾಲಮ್ಮಿನಲ್ಲಿ, ಕಾರಣದೊಡನೆ. C4 ರ ಮೇಲೆ ಸಪ್ಲೈಯ ಅರ್ಧದಷ್ಟು, ಸುಮಾರು 4.5 ವೋಲ್ಟ್ ಡಿಸಿ ಇರುತ್ತದೆ, ಆದ್ದರಿಂದ 16 ವೋಲ್ಟಿನದು ಸಾಕು. R4 ರಲ್ಲಿ ವ್ಯಯವಾಗುವ ಶಕ್ತಿ ಸುಮಾರು 4 ಮಿಲಿವಾಟ್, ಕಾಲು ವಾಟಿನ ರೆಸಿಸ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಟಾಲರೆನ್ಸ್, ಕೆಪಾಸಿಟರಿನ ಒಳವಸ್ತು, BC547 ರ ಮುಂದಿನ B ಅಥವಾ C ಅಕ್ಷರ ಇವು ಚಿತ್ರದಲ್ಲಿ ಬರೆದಿದ್ದರೆ ಮಾತ್ರ ಪಟ್ಟಿಗೆ ಸೇರಬೇಕು. ಮುಖ್ಯ ವಿದ್ಯುತ್ ಲೈನಿಗೆ ನೇರ ಸೇರುವ ಸರ್ಕ್ಯೂಟುಗಳಲ್ಲಿ ಮಾತ್ರ ಊಹೆಯಿಂದ ಏನನ್ನೂ ತುಂಬಬಾರದು: ಫ್ಯೂಸಿನ ಬೆಲೆ, ಲೈನಿಗೆ ಅಡ್ಡವಾಗಿರುವ ಕೆಪಾಸಿಟರಿನ ವರ್ಗ, ಫ್ಯೂಸಿನಂತೆ ಉರಿದುಹೋಗಬೇಕಾದ ರೆಸಿಸ್ಟರ್ ಇವು ಓದಲಾಗದಿದ್ದರೆ ಆ ಸಾಲನ್ನು ‘ಓದಲಾಗಿಲ್ಲ’ ಎಂದು ಖಾಲಿ ಬಿಟ್ಟು, ಹಾಳೆ ಇರುವವರಿಂದ ಆ ಜಾಗದ ಇನ್ನೊಂದು ಫೋಟೋ ತರಿಸಿಕೊಳ್ಳಬೇಕು.